ಹೆಸರು ಹೇಳಬಾರದ ಮನೆಯ ವಂಶಾವಳಿ

ನನ್ನ ಮಗನಾದ ನಿಮ್ಮ ಅಪ್ಪನನ್ನು ನಾನು ಯಾಕೆ ಯಾವಾಗಲೂ 'ತಮ್ಮಾ' ಎಂದೇ ಕರೆಯುತ್ತೇನೆ, ಶಾಲೆಯಲ್ಲಿ ಇಟ್ಟ ಹೆಸರು ಹಿಡಿದು ಯಾಕೆ ಕರೆಯುವುದಿಲ್ಲ ಎಂದು ನೀವು ಹೋದ ಬೇಸಿಗೆಯಲ್ಲಿ ಕೇಳಿದ್ದಿರಿ. ಆಗ ನಕ್ಕು ಮಾತು ತೇಲಿಸಿದೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಸೊಸೆಯಾದವಳು ಗಂಡನ ಹೆಸರನ್ನಾಗಲಿ, ಅವನ ಹಿರಿಯರ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಅಪ್ಪನಿಗೆ ನನ್ನ ಮಾವನ ಹೆಸರು. ಇನ್ನು ಕರೆಯುವುದು ಹೇಗೆ? ಬೀರೇಶ್ವರನ ಒಕ್ಕಲು ನಾವು, ಮಾವನ ಹೆಸರೂ ದೇವರದೇ ಆದ್ದರಿಂದ ದೇವರನ್ನೂ ಹೆಸರು ಹಿಡಿದು ಬೇಡಿಕೊಳ್ಳುವಂತಿಲ್ಲ. 'ಗುಡ್ಡದಾವನೇ, ಕಾಯಪಾ' ಎನ್ನುತ್ತೇವೆ. ಅವನು ಇದುವರೆಗೂ ಸಿಟ್ಟಾಗಿಲ್ಲ.

ದೇವರು ಅರ್ಥ ಮಾಡಿಕೊಂಡದ್ದನ್ನು ಸರಕಾರ ಮಾಡಿಕೊಳ್ಳಲಿಲ್ಲ.

ಆಲಮಟ್ಟಿಯ ಹಿನ್ನೀರು ಏರಿ ಕೃಷ್ಣೆಯ ದಂಡೆಯ ನಮ್ಮ ಹಳೆಯ ಊರು ಮುಳುಗಡೆಯ ಪಟ್ಟಿಗೆ ಸೇರಿದಾಗ, ಮನೆ ಕಳೆದುಕೊಂಡವರಿಗೆ ಪುನರ್ವಸತಿ ಕೇಂದ್ರದಲ್ಲಿ ಜಾಗ ಕೊಡುತ್ತಾರೆಂದು ಸುದ್ದಿ ಬಂತು. ನಮ್ಮ ಹಳೆಯ ಮನೆಯಲ್ಲಿ ಎರಡು ಒಲೆ. ಒಂದು ನಮ್ಮದು, ಇನ್ನೊಂದು ಸಣ್ಣತ್ತೆಯದು. ಸಣ್ಣತ್ತೆ ಎಂದರೆ ನನ್ನ ಮಾವನ ತಮ್ಮನ ಹೆಂಡತಿ. ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವಳಿಗಿದ್ದುದು ಒಂದು ಎಮ್ಮೆ ಮತ್ತು ಊರಿಗೆಲ್ಲ ಕೇಳುವ ಗಂಟಲು. ಮನೆ ಯಾರದೆಂದು ಹೇಳುವ ಸರಕಾರಿ ದಾಖಲೆಯಾದ ಉತಾರದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಯಾರ ಗಂಡನ ಹೆಸರೂ ಇರಲಿಲ್ಲ. ಮನೆ ಪಾಲಾಗಿರಲಿಲ್ಲವೆಂದು ಹಿಂದಿನವರು ವಾರಸುದಾರರ ಹೆಸರು ಏರಿಸುವ ಗೋಜಿಗೇ ಹೋಗಿರಲಿಲ್ಲ. ಹೀಗಾಗಿ ಉತಾರದಲ್ಲಿ ಯಾವನೋ ಬೀರಪ್ಪ ಕೂತಿದ್ದ. ಆ ಬೀರಪ್ಪನಿಂದ ನಮ್ಮವರೆಗೆ ವಂಶಾವಳಿ ಬರೆಸಿ, ಪಂಚರ ಸಹಿ ಹಾಕಿಸಿ ಕೊಟ್ಟರೆ ಮಾತ್ರ ಜಾಗ.

ನಿಮ್ಮ ಅಜ್ಜ ಹೊಲ ಬಿಟ್ಟು ಕಚೇರಿಯ ಮೆಟ್ಟಿಲು ಹತ್ತಿದವನಲ್ಲ, ಓಡಾಟ ಹೊತ್ತವನು ನನ್ನ ಮೈದುನ. ಬನಹಟ್ಟಿಯಲ್ಲಿ ನೌಕರಿ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಒಳ್ಳೆಯ ಮನುಷ್ಯ. ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ, ತಪ್ಪನ್ನು ಕೂಡ.

ಅವನು ಕಾಗದ ಕೂಡಿಸತೊಡಗಿದಂತೆ ಬೀರಪ್ಪ ಹಲವಾದ. ಮನೆಯ ಉತಾರದಲ್ಲಿ ಬೀರಪ್ಪ. ಮನೆಪಟ್ಟಿ ಎಂಬ ಮನೆ ಕಂದಾಯದ ಪಾವತಿಯಲ್ಲಿ ವೀರಪ್ಪ. ಮತದಾರರ ಯಾದಿಯಲ್ಲಿ ಭೀರಪ್ಪ. ಮುಳುಗಡೆಯ ಪಟ್ಟಿಯನ್ನು ಯಾರೋ ಇಂಗ್ಲಿಷಿನಲ್ಲಿ ಟೈಪು ಮಾಡಿ ಮತ್ತೆ ಕನ್ನಡಕ್ಕೆ ತಂದಿದ್ದರು, ಅದರಲ್ಲಿ ಬಿರಪಾ. ಸಂಸ್ಥಾನದ ಕಾಲದ, ಹಳೆಯ ಮರಾಠಿ ಬರವಣಿಗೆಯಾದ ಮೋಡಿಯಲ್ಲಿದ್ದ ಒಂದು ಕಾಗದವೂ ಸಿಕ್ಕಿತು. ಜಮಖಂಡಿಯಲ್ಲಿ ಮೋಡಿ ಓದಬಲ್ಲ ಮುದುಕರೊಬ್ಬರಿಗೆ ತೋರಿಸಿದರೆ, 'ಬಿರು ಬಿನ್ ಮಾಳು', ಅಂದರೆ ಮಾಳುವಿನ ಮಗ ಬಿರು, ಎಂದು ಓದಿದರಂತೆ.

"ಎಲ್ಲಾ ನಮ್ಮಪ್ಪನರಿ ವೈನಿ," ಎಂದ ಮೈದುನ ಅತ್ತಿಗೆಯಾದ ನನಗೆ, ಕಾಗದಗಳನ್ನು ಕಟ್ಟೆಯ ಮೇಲೆ ಹರಡಿ. "ಒಬ್ಬನ್ನ ಐದ ಮಂದಿ ಬರದಾರ. ಅವರವರ ಕಿವಿಗೆ ಕೇಳಿಸಿಧಂಗ."

"ಅಪ್ಪನ ಅಪ್ಪ ಅಂವ ಅಲ್ಲಲ್ಲೋ, ನನ್ನ ಮಾವ ಬ್ಯಾರೆ," ಎಂದಳು ಸಣ್ಣತ್ತೆ ಎಮ್ಮೆಯ ಹತ್ತಿರದಿಂದ.

"ಬ್ಯಾರೆ ಅಂದ್ರ ಏನ ಹೆಸರ ಹೇಳ ಕಾಕು."

ಸಣ್ಣತ್ತೆ ಎಮ್ಮೆಯ ಕಡೆ ತಿರುಗಿದಳು. ಮಾವನ ಹೆಸರು ಹೇಗೆ ಹೇಳಿಯಾಳು?

"ಸಿದ್ದಪ್ಪ, ಗೊತ್ತೈತಿ ನನಗ," ಎಂದ ಮೈದುನ ತಾನೇ. "ಅದಕ್ಕೂ ದಾರಿ ಐತಿ. ಉರ್ಫ್."

ಉರ್ಫ್ ಎಂಬ ಶಬ್ದವನ್ನು ಅವನಿಗೆ ಸ್ಟಾಂಪ್ ಮಾರುವವನೊಬ್ಬ ಕಲಿಸಿದ್ದ. ಒಬ್ಬನೇ ಮನುಷ್ಯನಿಗೆ ಎರಡು ಹೆಸರಿದ್ದರೆ ನಡುವೆ ಉರ್ಫ್ ಹಾಕಿ, ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿದರೆ ಮುಗಿಯಿತು. ಖರೆಯಾಗಿ ಒಬ್ಬನೇ ಇದ್ದರೆ ಅದು ಸರಿಯಾದ ದಾರಿಯೇ. ಮೈದುನ ಮಾತ್ರ ಅದನ್ನು ಉಪ್ಪಿನ ಹಾಗೆ ಎಲ್ಲಕ್ಕೂ ಹಾಕಿದ. ಬಿರು ಉರ್ಫ್ ಬೀರಪ್ಪ ಉರ್ಫ್ ವೀರಪ್ಪ ಉರ್ಫ್ ಭೀರಪ್ಪ ಉರ್ಫ್ ಬಿರಪಾ, ತಂದೆ ಮಾಳು ಉರ್ಫ್ ಸಿದ್ದಪ್ಪ. ನೋಟರಿಯ ಸಿಕ್ಕೆಯೂ ಬಿತ್ತು. ಊರಿನ ಲೆಕ್ಕಪತ್ರ ನೋಡುವ ತಲಾಠಿ ಅದರ ಮೇಲಿಂದ ವಂಶಾವಳಿ ಬರೆದು, ತಕರಾರು ಇದ್ದವರು ವಾಯಿದೆಯೊಳಗೆ ಹೇಳಿಕೊಳ್ಳಿರೆಂದು ಚಾವಡಿಯ ಗೋಡೆಗೆ ನೋಟೀಸು ಅಂಟಿಸಿದ.

ನಾನು ನೀರಿಗೆ ಹೋದಾಗ ಅದನ್ನು ಓದಿದೆ. ಕೊಡ ಅಲ್ಲೇ ಇಳಿಸಿ ಮತ್ತೊಮ್ಮೆ ಓದಿದೆ. ವಂಶದ ಬುಡದಲ್ಲಿ ನನ್ನ ಮಾವ ಕೂತಿದ್ದ. ಅವನ ಕೆಳಗೆ ಅವನ ಮಕ್ಕಳು, ಅಂದರೆ ನಿಮ್ಮ ಅಜ್ಜ, ಅವನ ಅಕ್ಕ, ಮೈದುನ. ಅಷ್ಟೇ. ಮಾವನಿಗೊಬ್ಬ ತಮ್ಮನಿದ್ದನೆಂಬುದಕ್ಕೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಮನೆ ಮಾವನದೇ ಎಂದಾದರೆ ತಮ್ಮನಿಗೆ ಪಾಲಿಲ್ಲ, ತಮ್ಮನ ಹೆಂಡತಿಗೆ ಹೊಸ ಊರಿನಲ್ಲಿ ಮನೆಜಾಗವಿಲ್ಲ.

ಮನೆ ಮಾವನದಲ್ಲ, ಮಾವನ ಅಜ್ಜನದು ಎಂಬುದು ನನಗೆ ಗೊತ್ತಿತ್ತು. ಮೈದುನನಿಗೆ ಗೊತ್ತಿರಲಿಲ್ಲ. ಇದು ನಿಮಗೆ ವಿಚಿತ್ರ ಅನಿಸೀತು. ಆ ಹಿರಿಯನನ್ನು ಮನೆಯ ಗಂಡಸರು 'ದೊಡ್ಡ ಮುತ್ಯಾ', ಅಂದರೆ ದೊಡ್ಡ ಅಜ್ಜ, ಎನ್ನುತ್ತಿದ್ದರು, ಹೆಂಗಸರು ಏನೂ ಅನ್ನುತ್ತಿರಲಿಲ್ಲ. ಹೀಗಾಗಿ ಮನೆಯಲ್ಲೇ ಹುಟ್ಟಿದ ಮಕ್ಕಳ ಕಿವಿಗೆ ಅವನ ಹೆಸರೇ ಬೀಳಲಿಲ್ಲ. ಸೊಸೆಯ ಪಾಡು ಬೇರೆ. ನಾನು ಮದುವೆಯಾಗಿ ಬಂದ ವಾರವೇ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, ಯಾವ ಯಾವ ಹೆಸರು ಬಾಯಲ್ಲಿ ಬರಬಾರದೆಂದು ಕಲಿಸಿದ್ದಳು. ಬೂದಿಯಲ್ಲಿ ಬೆರಳಿನಿಂದ ನನ್ನ ಕೈಲೇ ಬರೆಸಿ, ಓದಿಸದೆ, ಅಳಿಸಿ ಹಾಕಿಸಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದ್ದರಿಂದ ಒಂದೊಂದು ಹೆಸರನ್ನೂ ಸುತ್ತು ಹೊಡೆದು ತಿಳಿಸಿದಳು: ದೇವರ ಶಿಷ್ಯನ ಹೆಸರಿನವ, ಅವನ ಹೊಟ್ಟೆಯಲ್ಲಿ ದೇವರ ಹೆಸರಿನವ, ಅವನ ಹೊಟ್ಟೆಯಲ್ಲಿ ಸಿದ್ಧರ ಹೆಸರಿನವ, ಮತ್ತೆ ಅವನ ಹೊಟ್ಟೆಯಲ್ಲಿ ದೇವರ ಹೆಸರಿನವ. ಹೇಳಬಾರದೆಂದರೆ ಮೊದಲು ತಿಳಿದಿರಬೇಕಲ್ಲ! ನಮ್ಮ ಮನೆಯಲ್ಲಿ ಪೂರ್ತಿ ವಂಶಾವಳಿ ಗೊತ್ತಿದ್ದವರು ಸೊಸೆಯಂದಿರು ಮಾತ್ರ, ಬಾಯಿಬಿಡಬಾರದವರೂ ಅವರೇ.

ಸಣ್ಣತ್ತೆಗೆ ಹೇಳಿದೆ. ಅವಳು ಎಮ್ಮೆಯ ಕೆಚ್ಚಲು ಬಿಟ್ಟು ಎದ್ದಳು.

"ಹಂಗಂದ್ರ ನಾ ಈ ಮನಿಗೆ ಬಂದೇ ಇಲ್ಲೇನ? ಇಷ್ಟ ವರ್ಷ ಯಾರ ಮನ್ಯಾಗ ಮುಸರಿ ತಿಕ್ಕೀನಿ?"

"ಚಾವಡಿಗೆ ಹೋಗಿ ತಕರಾರ ಹೇಳೂಣ್ರಿ ಅತ್ತಿ."

"ಹೋಗೂಣ. ಹೆಸರ ನೀ ಹೇಳ್ತಿ?"

"ನಾ ಹೆಂಗ ಹೇಳ್ಲಿರಿ? ನೀವ?"

"ನಾ? ನಾ ನಿನಗಿಂತ ಮುಂಚಿನಾಕಿ!"

ಬರೆದು ಕೊಡೋಣವೆಂದೆ. ಸಣ್ಣತ್ತೆ ಒಪ್ಪಲಿಲ್ಲ. ಅವಳಿಗೆ ಓದಲು ಬರದು, ತನಗೆ ಗೊತ್ತಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲವೆಂದಳು. ಕೊನೆಗೆ ನನಗೇ ಹೊಳೆಯಿತು. ಸೊಸೆಗೆ ಇದ್ದ ನಿರ್ಬಂಧ ಮಗಳಿಗಿಲ್ಲ. ರನ್ನ ಬೆಳಗಲಿ ಊರಿಗೆ ಕೊಟ್ಟ ನಾದಿನಿಗೆ, ಅಂದರೆ ನಿಮ್ಮ ಅಜ್ಜನ ಅಕ್ಕನಿಗೆ, ಹೇಳಿ ಕಳುಹಿಸಿದೆವು. ಅವಳು ಮೊದಲ ಬಸ್ಸಿಗೇ ಬಂದಳು, ಜಗಳವಿದೆ ಎಂದು ಕೇಳಿದ್ದರಿಂದ ಉಮೇದಿನಿಂದಲೇ.

ಚಾವಡಿಯಲ್ಲಿ ತಲಾಠಿ, ಪಂಚರಾಗಿ ಮೂವರು ಹಿರಿಯರು, ಎರಡು ಪೆನ್ನಿನ ಮೈದುನ. ನಾವು ಮೂವರು ಬಾಗಿಲ ಹತ್ತಿರ ಕೂತೆವು. ತಲಾಠಿ ಹೊಸಬ, ಮುಧೋಳದ ಕಡೆಯ ಹುಡುಗ, ಮರ್ಯಾದಸ್ಥ. ನನ್ನನ್ನೇ ಕೇಳಿದ, "ಅವ್ವಾರ, ನಿಮ್ಮ ಮಾವನವರ ಹೆಸರೇನ್ರಿ?"

ನಾನು ಸೆರಗು ಎಳೆದುಕೊಂಡೆ.

"ಗೊತ್ತಿಲ್ಲೇನ್ರಿ?"

"ಗೊತ್ತೈತಿ, ಬರ್ಕೋ ಬ್ಯಾಡ ಗೊತ್ತಿಲ್ಲಂತ!" ಎಂದಳು ನಾದಿನಿ. "ಬೀರಪ್ಪ. ನಮ್ಮಪ್ಪ ಬೀರಪ್ಪ! ಅವರಪ್ಪ ಸಿದ್ದಪ್ಪ!" ಸೊಸೆಯರಿಬ್ಬರ ಎದುರಿಗೆ ಆ ಹೆಸರುಗಳನ್ನು ಹೀಗೆ ತೂರಲು ಸಿಕ್ಕಿದ್ದಕ್ಕೆ ಅವಳಿಗೆ ಎಂಥ ಸಂತೋಷವೋ, ಎರಡೆರಡು ಸಲ ಹೇಳಿದಳು. ಸಣ್ಣತ್ತೆ ಕಿವಿ ಮುಚ್ಚಿಕೊಂಡಳು.

"ಸಿದ್ದಪ್ಪನ ಅಪ್ಪ?" ಎಂದ ತಲಾಠಿ.

ದೊಡ್ಡ ಮುತ್ಯಾ ಎಂಬುದಕ್ಕಿಂತ ಹೆಚ್ಚು ನಾದಿನಿಗೂ ಗೊತ್ತಿರಲಿಲ್ಲ. ನನ್ನ ಕಡೆ ತಿರುಗಿದಳು. ನಾನು ತಗ್ಗಿದ ದನಿಯಲ್ಲಿ, "ದೇವರ ಹೆಸರಿನವರ," ಎಂದೆ.

"ಯಾವ ದೇವರ?"

"ನಮ್ಮ ದೇವರ. ನಿಮ್ಮಪ್ಪಗ ಯಾರ ಹೆಸರ ಇಟ್ಟಾರ ನೋಡ್ರಿ."

"ಅಯ್ಯ, ಅಜ್ಜನ ಹೆಸರ! ಬೀರಪ್ಪ! ಅಂವಾ ಬೀರಪ್ಪ, ಇಂವಾ ಬೀರಪ್ಪ, ಇಬ್ಬರ ಬೀರಪ್ಪ!"

ಮೈದುನನ ಕೈ ಪೆನ್ನಿನ ಮೇಲೆ ನಿಂತಿತು.

"ದೊಡ್ಡ ಬೀರಪ್ಪನ ಅಪ್ಪ ಯಾರ?" ತಲಾಠಿ ಈಗ ನೆಟ್ಟಗೆ ಕೂತಿದ್ದ.

ನಾನು, "ದೇವರ ಶಿಷ್ಯನ ಹೆಸರಿನವರ," ಎಂದೆ. ಪಂಚರಲ್ಲೊಬ್ಬ ಮುದುಕ ನಾದಿನಿಗಿಂತ ಮೊದಲೇ ಒದರಿದ, "ಬೀರೇಶ್ವರನ ಶಿಷ್ಯ ಮಾಳಿಂಗರಾಯ! ಅಂದ್ರ ಮಾಳಪ್ಪ! ಹೌದ ಬಿಡ್ರಿ, ನಮ್ಮಪ್ಪ ಅಂತಿದ್ದ, ಮಾಳಪ್ಪನ ಬಿರೂನ ಮನಿ ಅಂತ!"

"ಮಾಳು," ಎಂದ ತಲಾಠಿ, ಮೋಡಿಯ ಕಾಗದದ ನಕಲು ಎಳೆದುಕೊಳ್ಳುತ್ತ. "ಬಿರು ಬಿನ್ ಮಾಳು."

ಆಮೇಲೆ ಅವನು ಎಲ್ಲ ಕಾಗದಗಳನ್ನೂ ಹೆಸರು ನೋಡದೆ, ತಂದೆಯ ಹೆಸರು ನೋಡಿ ಬೇರೆ ಬೇರೆ ಇಟ್ಟ. ತಂದೆ ಮಾಳು ಎಂದಿದ್ದ ಮೋಡಿ ಕಾಗದ, ಮನೆಯ ಉತಾರ ಒಂದು ಕಡೆ. ತಂದೆ ಸಿದ್ದಪ್ಪ ಎಂದಿದ್ದ ಮತದಾರರ ಯಾದಿ, ಊರ ಶಾಲೆಯಿಂದ ತರಿಸಿದ ಮಾವನ ದಾಖಲೆ ಇನ್ನೊಂದು ಕಡೆ. ತಂದೆಯ ಹೆಸರೇ ಇಲ್ಲದ ವೀರಪ್ಪನ ಪಾವತಿಯನ್ನೂ ಬಿರಪಾನ ಪಟ್ಟಿಯನ್ನೂ ಮನೆಯ ನಂಬರು ನೋಡಿ ಉತಾರದ ಕಡೆ ಸರಿಸಿದ. ಒಬ್ಬನೇ ಎಂದು ನೋಟರಿಯ ಎದುರು ಆಣೆ ಮಾಡಿ ಬರೆಸಿದ್ದ ಬೀರಪ್ಪ ನಮ್ಮ ಕಣ್ಣೆದುರೇ ಅಜ್ಜನೂ ಮೊಮ್ಮಗನೂ ಆದ.

"ಮತ್ತ ನಾ ಮಾಡಿಸಿದ ಅಫಿಡವಿಟ್?" ಎಂದ ಮೈದುನ.

"ಅದರಾಗ ನೀವು ನಿಮ್ಮಪ್ಪನ್ನ ಅವರಿಗೇ ಮುತ್ಯಾ ಮಾಡೀರಿ ಸರ," ಎಂದ ತಲಾಠಿ ಬಹಳ ವಿನಯದಿಂದ. "ಹೊಸಾದು ಮಾಡಿಸ್ರಿ."

"ಲೇ ತಮ್ಮಾ," ಎಂದಳು ನಾದಿನಿ, "ಸ್ವಲ್ಪ ಬಿಟ್ಟಿದ್ರ ನನ್ನೂ ನಿನ್ನೂ ಒಬ್ಬರನ್ನ ಮಾಡ್ತಿದ್ದಿ, ಉರ್ಫ್ ಹಚ್ಚಿ."

ಪಂಚರು ನಕ್ಕರು. ಮೈದುನ ನಗಲಿಲ್ಲ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಅವನ ಲೆಕ್ಕದಲ್ಲಿ ನಮಗೆ ಪೂರ್ತಿ ಬರುತ್ತಿದ್ದುದರಲ್ಲಿ ಈಗ ಒಂದು ಪಾಲು ಹೊರಗೆ ಹೋಗಿತ್ತು. ಅದನ್ನು ಹೊರಗೆ ಹಾಕಿದವಳು ಅವನ ಸ್ವಂತ ವೈನಿ. ಸಂಜೆ ಬಂದು, ರೊಟ್ಟಿ ಮುರಿಯುತ್ತ, "ಮೊದಲ ಹೇಳಬಾರದಿತ್ತೇನ್ರಿ ವೈನಿ?" ಎಂದ.

"ನೀವ ಕೇಳಿದ್ದರೂ ಹೆಂಗ ಹೇಳ್ತಿದ್ನೆಪಾ?" ಎಂದೆ. ಅವನು ಇನ್ನೊಂದು ರೊಟ್ಟಿ ಕೇಳಿದ. ಮರುದಿನ ಹೊಸ ಅಫಿಡವಿಟ್ಟಿಗೆ ಜಮಖಂಡಿಗೆ ಹೋದವನೂ ಅವನೇ. ಈ ಸಲದ್ದರಲ್ಲಿ ದೊಡ್ಡ ಬೀರಪ್ಪನ ಕೆಳಗೆ ಸಿದ್ದಪ್ಪ, ಸಿದ್ದಪ್ಪನ ಕೆಳಗೆ ಅಣ್ಣ ತಮ್ಮ ಇಬ್ಬರು, ಸಣ್ಣತ್ತೆಗೆ ತಮ್ಮನ ಪಕ್ಕದಲ್ಲಿ ಜಾಗ.

ಹಕ್ಕುಪತ್ರ ಹಂಚುವ ದಿನ ಹೊಸ ಊರಿನ ಬಿಸಿಲಿನಲ್ಲಿ ಉದ್ದ ಸಾಲು. ಸಣ್ಣತ್ತೆಯ ಪಾಳಿ ಬಂದಾಗ ಮೇಜಿನ ಹಿಂದಿನ ಸಾಹೇಬರು, "ಗಂಡನ ಹೆಸರ ಹೇಳ್ರಿ," ಎಂದರು. ನಾದಿನಿ ಊರಿಗೆ ಹೋಗಿಬಿಟ್ಟಿದ್ದಳು. ಊರಿಗೆಲ್ಲ ಕೇಳುವ ಆ ಗಂಟಲಿನಿಂದ ಒಂದು ಸೊಲ್ಲೂ ಬರಲಿಲ್ಲ. ಸಾಹೇಬರು ಮತ್ತೆ ಕೇಳಿದರು, ಕಾಗದವನ್ನು ಬದಿಗಿಟ್ಟು ಮುಂದಿನವರನ್ನು ಕರೆಯಲು ಹೊರಟರು. ಅಷ್ಟರಲ್ಲಿ ಸಾಲಿನ ಹಿಂದಿನಿಂದ ಮೈದುನ ಮಂದಿಯನ್ನು ಸರಿಸುತ್ತ ಬಂದು, ತನ್ನ ಕಾಕನ ಹೆಸರನ್ನು, ಕಾಕನ ಅಪ್ಪನ ಹೆಸರನ್ನು, ಅವನಪ್ಪ ಬೀರಪ್ಪನ ಹೆಸರನ್ನು ಒಂದೊಂದಾಗಿ, ನಡುವೆ ಉರ್ಫ್ ಹಾಕದೆ, ಗಟ್ಟಿಯಾಗಿ ಹೇಳಿದ.

ಸಣ್ಣತ್ತೆ ಹೆಬ್ಬೆಟ್ಟು ಒತ್ತಿದಳು. ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಇಷ್ಟ ಒದರೂದ ಏನಿತ್ತೋ, ನನಗೇನ ಕಿವುಡ ಆಗೇತೇನ?" ಎಂದು ಅವನನ್ನೇ ಬೈದು, ಎಮ್ಮೆಗೆ ಮೇವು ಹಾಕುವ ಗೋದಲಿ ಎಲ್ಲಿ ಕಟ್ಟುವುದೆಂದು ನೋಡಲು ತನ್ನ ಜಾಗದ ಕಡೆ ನಡೆದಳು.