ಕರಪತ್ರದಲ್ಲಿದ್ದ ಕಾಲು

"ಅರ್ಥ ಆಯ್ತಾ?" ಎಂದು ರೋಗಿಯನ್ನು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಡಾಕ್ಟರು ಕೇಳಲಿ, ನರ್ಸು ಕೇಳಲಿ, ನಮ್ಮ ಕಡೆಯವರ ಉತ್ತರ ಒಂದೇ: "ಆಯ್ತು ಕಣವ್ವ." ಬಿಳಿ ಕೋಟು ಹಾಕಿದವರು ಅಷ್ಟು ಹೊತ್ತು ನಿಂತು ಹೇಳಿದ ಮೇಲೆ ಇಲ್ಲ ಅನ್ನುವುದು ಮರ್ಯಾದೆಯಲ್ಲ ಅನ್ನುವುದು ಅವರ ಲೆಕ್ಕ. ತಲೆ ಆಡಿಸುತ್ತಾರೆ, ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ.

ನನ್ನ ಸೋದರತ್ತೆಯೂ ಹಾಗೆಯೇ. ಅಪ್ಪನ ಅಕ್ಕ, ಗಾವಡಗೆರೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಹುಣಸೂರಿನಲ್ಲಿ ನರ್ಸಿಂಗ್ ಓದಲು ಸೇರಿದಾಗ ಅವಳ ಮನೆಯಲ್ಲೇ ಇದ್ದೆ. ಒಂದು ದಿನ ಒಲೆಯ ಮುಂದೆ ಕೂತಿದ್ದವಳ ಪಾದಕ್ಕೆ ಕೆಂಡ ಸಿಡಿದು ಬಿತ್ತು. ಅವಳು ಮುದ್ದೆ ತಿರುವುತ್ತಲೇ ಇದ್ದಳು. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವಳಿಗೆ ನೋವೇ ಬರಲಿಲ್ಲ. ನಾನು ಕಿರುಚಿಕೊಂಡರೆ ಅವಳು ನಕ್ಕಳು.

"ಏನೂ ಆಗ್ನಿಲ್ಲ ಬುಡಮ್ಮಿ. ಮೊದ್ಲೆಲ್ಲಾ ಕಾಲು ಉರಿ ಉರಿ ಅಂತಿತ್ತು. ಈಗ ಒಂಚೂರೂ ನೋವಿಲ್ಲ. ದೇವ್ರು ಕಣ್ಬುಟ್ಟ."

ಕಾಲು ಮರಗಟ್ಟಿದ್ದನ್ನು ದೇವರ ದಯೆ ಎಂದುಕೊಂಡಿದ್ದಳು. ಸಕ್ಕರೆಯಿಂದ ನರ ಸತ್ತರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕಾಲು ಉಳಿಯುವ ಹಂತ ದಾಟಿರುತ್ತದೆ. ಆ ಸುಟ್ಟ ಗಾಯವೇನೋ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಡ್ರೆಸಿಂಗ್ ಮಾಡಿಸಿದ್ದರಿಂದ ಮಾಯಿತು. ಆದರೆ ಅವತ್ತಿನಿಂದ ಅವಳ ಕಾಲು ಉಳಿಸಬೇಕು ಅನ್ನುವುದು ನನ್ನ ತಲೆಗೆ ಹತ್ತಿಬಿಟ್ಟಿತು. ಕೊನೇ ವರ್ಷ ಪ್ರಾಜೆಕ್ಟಿಗೆ ರೋಗಿಗಳ ಕರಪತ್ರ ಬರೆಯಬೇಕು ಅಂದಾಗ, ಸಕ್ಕರೆ ಕಾಯಿಲೆಯವರ ಪಾದದ ಆರೈಕೆಯನ್ನೇ ನಮ್ಮ ಗುಂಪು ಆರಿಸಿಕೊಳ್ಳಲಿ ಎಂದು ಜಗಳ ಆಡಿ ಗೆದ್ದೆ.

ಬರೆದದ್ದು ಹೇಗೆ ಅಂದರೆ, ಪಠ್ಯಪುಸ್ತಕ ನೋಡಿಕೊಂಡು ಮೊದಲು ಇಂಗ್ಲಿಷಿನಲ್ಲಿ. ಯಾಕೆಂದರೆ ಓದಲು ಎಷ್ಟು ಸುಲಭ ಎಂಬುದಕ್ಕೆ ಒಂದು ಅಂಕಿ ತೋರಿಸಬೇಕಿತ್ತು, ಅಂಕಿ ಕೊಡುವ ಸೂತ್ರ ಇಂಗ್ಲಿಷಿನದು. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರದ ತುಂಡು ಎಂದು ಎಣಿಸಿ ಇಂತಿಷ್ಟನೇ ತರಗತಿಯ ಮಗು ಓದಬಲ್ಲದು ಎಂದು ಅದು ಹೇಳುತ್ತದೆ. ಕನ್ನಡಕ್ಕೆ ಅದು ಕೂರುವುದಿಲ್ಲ. ನಮ್ಮಲ್ಲಿ ಒಂದೇ ಪದ "ನೋಡಿಕೊಳ್ಳಬೇಕಾಗುತ್ತದೆ" ಎಂದು ಮಾರುದ್ದ ಹೋಗುತ್ತದೆ, ಹಾಗಂತ ಅದು ಕಷ್ಟದ ಪದವೇನಲ್ಲ. ಅದಕ್ಕೇ ನಮ್ಮ ಗುಂಪಿನವರು ಇಂಗ್ಲಿಷ್ ಪ್ರತಿಗೆ ಅಂಕಿ ತೆಗೆದರು, ಬಹಳ ಸುಲಭ ಎಂದು ಬಂತು, ಆಮೇಲೆ ಕನ್ನಡಕ್ಕೆ ತಿರುಗಿಸಿದರು. ಯಾರೂ ಓದದ ಪ್ರತಿ ಪಾಸಾಯಿತು. ಜನ ಓದಬೇಕಾದ ಪ್ರತಿಯಲ್ಲಿ "ಸ್ಪರ್ಶಜ್ಞಾನವು ಕುಂಠಿತಗೊಂಡಿರುವುದರಿಂದ ಪಾದಗಳನ್ನು ನಿಯಮಿತವಾಗಿ ಅವಲೋಕಿಸತಕ್ಕದ್ದು" ಎಂದಿತ್ತು. ಥೂ ಎನ್ನಿಸಿತು ನನಗೆ.

ನಮಗೆ ಮಾರ್ಗದರ್ಶಿಯಾಗಿದ್ದ ಮೇಡಂ ಒಳ್ಳೆಯವರು. ಅಂಕಿಯನ್ನು ಫೈಲಿಗೆ ಹಾಕಿ, ಕನ್ನಡ ಪ್ರತಿ ತಗೊಂಡು ರೋಗಿಗಳ ಹತ್ತಿರ ಹೋಗಿ ಎಂದರು. ಒಂದೇ ಒಂದು ಷರತ್ತು ಹಾಕಿದರು.

"ಅರ್ಥ ಆಯ್ತಾ ಅಂತ ಕೇಳಬೇಡಿ. ಓದಿದ ಮೇಲೆ, ಮನೆಗೆ ಹೋಗಿ ಏನು ಮಾಡ್ತೀರಿ, ನಿಮ್ಮ ಮಾತಲ್ಲಿ ಹೇಳಿ ಅನ್ನಿ. ತಪ್ಪು ಹೇಳಿದರೆ ತಪ್ಪು ಅವರದಲ್ಲ, ಕಾಗದದ್ದು."

ಬಿಳಿಕೆರೆಯ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿಯವರು ಬರುವ ದಿನ ಬೆಂಚಿನ ಮೇಲೆ ಕೂತು ಕೇಳಿದೆವು. ಓದಲು ಬರುವವರು ಓದಿದರು, ಬಾರದವರಿಗೆ ನಾವು ಓದಿದೆವು. ದೊಡ್ಡ ಪದಗಳು ತಲೆಗೆ ಹತ್ತುವುದಿಲ್ಲ ಎಂದು ನನಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಚಿತ್ರದ ವಿಷಯ. ಕರಪತ್ರದ ನಡುವೆ ಪುಸ್ತಕದಿಂದ ತೆಗೆದ ಬಣ್ಣದ ಫೋಟೋ ಹಾಕಿದ್ದೆವು. ಹೆಬ್ಬೆರಳು ಕಪ್ಪಾಗಿ, ಅಂಗಾಲಿನಲ್ಲಿ ಕೀವು ತುಂಬಿದ ತೂತು. ಕೆಳಗೆ "ಕೂಡಲೇ ಆಸ್ಪತ್ರೆಗೆ ಭೇಟಿ ನೀಡಿ" ಎಂದು ದಪ್ಪ ಅಕ್ಷರ. ತೆಂಗಿನಕಾಯಿ ವ್ಯಾಪಾರದ ಯಜಮಾನರೊಬ್ಬರಿಗೆ ಅದನ್ನು ತೋರಿಸಿ, ಯಾವಾಗ ಆಸ್ಪತ್ರೆಗೆ ಹೋಗ್ತೀರಿ ಎಂದು ಕೇಳಿದೆ.

"ಇಂಗಾದಾಗ," ಎಂದು ಫೋಟೋದ ಮೇಲೆ ಬೆರಳಿಟ್ಟರು.

"ಸಣ್ಣ ಬೊಕ್ಕೆ, ನೀರುಗುಳ್ಳೆ ಎದ್ದರೆ?"

"ಅದಕ್ಕೆಲ್ಲಾ ಯಾಕವ್ವಾ? ಇಲ್ಲೇ ತೋರ್ಸವ್ರಲ್ಲ, ಇಷ್ಟಾದ್ರೆ ಹೋಗಿ ಅಂತ."

ಆಮೇಲೆ ಕೂತವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಹೆದರಿಸಲು ಹಾಕಿದ ಚಿತ್ರ ಅವರಿಗೆ ಅಳತೆಗೋಲಾಗಿತ್ತು. ಅಷ್ಟು ಆಗುವ ತನಕ ತಮಗೇನೂ ಆಗಿಲ್ಲ ಎಂಬ ಧೈರ್ಯವನ್ನು ನಮ್ಮ ಕಾಗದವೇ ಕೊಡುತ್ತಿತ್ತು.

ನಾವು ಇಡೀ ಕರಪತ್ರ ಬದಲಾಯಿಸಿದೆವು. ಫೋಟೋ ತೆಗೆದು, ಗೆರೆಯಲ್ಲಿ ಬರೆದ ಪುಟ್ಟ ಬೊಕ್ಕೆಯ ಚಿತ್ರ, ಮುಳ್ಳು ಚುಚ್ಚಿದ ಅಂಗಾಲು. "ನೋವಿಲ್ಲ ಅಂದರೆ ವಾಸಿ ಅಂತಲ್ಲ. ಇಷ್ಟು ಸಣ್ಣದು ಕಂಡರೂ ಇವತ್ತೇ ಆಸ್ಪತ್ರೆಗೆ ಬನ್ನಿ. ದಿನಾ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮನೆಯವರಿಗೆ ತೋರಿಸಿ. ಬರಿಗಾಲಲ್ಲಿ ನಡೆಯಬೇಡಿ, ಆದರೆ ಹೊಸ ಚಪ್ಪಲಿಯನ್ನು ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಹಾಕಿಕೊಳ್ಳಿ." ಮತ್ತೆ ಹೋಗಿ, ಹೊಸಬರನ್ನು ಕೂರಿಸಿ ಕೇಳಿದೆವು. ಒಬ್ಬ ಹೆಂಗಸು ಅಲ್ಲೇ ಚಪ್ಪಲಿ ಬಿಟ್ಟು ಅಂಗಾಲು ತಿರುಗಿಸಿ ನೋಡಿಕೊಂಡಳು. ನನ್ನ ಜೀವನದಲ್ಲಿ ನಾನು ಅಷ್ಟು ಖುಷಿಪಟ್ಟದ್ದು ಕಡಿಮೆ.

ಅಚ್ಚಿಗೆ ಹೋಗುವ ಮೊದಲು ತಜ್ಞರ ಒಪ್ಪಿಗೆ ಬೇಕಿತ್ತು. ಭಾಷೆಗೆ ಒಬ್ಬ ಕನ್ನಡ ಅಧ್ಯಾಪಕರು, ವಿಷಯಕ್ಕೆ ಒಬ್ಬ ಸರ್ಜನ್, ಮೇಲೆ ನಮ್ಮ ಪ್ರಿನ್ಸಿಪಾಲರು. ಅಧ್ಯಾಪಕರು ಕೆಂಪು ಇಂಕಿನಲ್ಲಿ ತಿದ್ದಿದ್ದೇ ತಿದ್ದಿದ್ದು. "ಇದೇನಮ್ಮಾ, ಸಂತೆಯಲ್ಲಿ ಮಾತಾಡಿದ ಹಾಗಿದೆ. ಆಸ್ಪತ್ರೆಯ ಪ್ರಕಟಣೆಗೆ ಒಂದು ಘನತೆ ಬೇಡವೇ?" ಅವಲೋಕಿಸತಕ್ಕದ್ದು ವಾಪಸ್ ಬಂತು. ಚಪ್ಪಲಿಯ ಮಾತು ಚುಟುಕಾಗಿ "ಪಾದರಕ್ಷೆಯಿಲ್ಲದೆ ನಡೆಯಕೂಡದು" ಎಂದಷ್ಟೇ ಉಳಿಯಿತು. ಸರ್ಜನ್ ನಮ್ಮ ಬೊಕ್ಕೆಯ ಚಿತ್ರ ನೋಡಿ ನಕ್ಕರು.

"ಇದನ್ನು ನೋಡಿದರೆ ಯಾರು ಹೆದರುತ್ತಾರೆ? ಮೊದಲಿನ ಫೋಟೋ ಎಲ್ಲಿ?"

ನಾನು ಎದ್ದು ನಿಂತು, ಬಿಳಿಕೆರೆಯಲ್ಲಿ ಜನ ಹೇಳಿದ್ದನ್ನೆಲ್ಲ ಹೇಳಿದೆ. ಬರೆದುಕೊಂಡ ಹಾಳೆಗಳನ್ನೂ ಮುಂದಿಟ್ಟೆ. ಯಾರೂ ಮುಟ್ಟಲಿಲ್ಲ.

"ಪೇಷೆಂಟ್ ಹೇಳಿದ ಹಾಗೆ ಬರೆಯೋದಾದರೆ ತಜ್ಞರ ಸಮಿತಿ ಯಾಕೆ?" ಎಂದು ಕೇಳಿದರು ಪ್ರಿನ್ಸಿಪಾಲರು. "ಓದಲು ಸುಲಭ ಅಂತ ಅಂಕಿ ಇದೆಯಲ್ಲ, ಫೈಲಿನಲ್ಲಿ."

ಹೊರಗೆ ಬಂದ ಮೇಲೆ ಮೇಡಂ ನನ್ನ ಕಣ್ಣು ತಪ್ಪಿಸಿ, "ಸಹಿ ಇಲ್ಲದಿದ್ದರೆ ನಿಮ್ಮೆಲ್ಲರ ಪ್ರಾಜೆಕ್ಟು ನಿಲ್ಲುತ್ತೆ, ಬಿಟ್ಟುಬಿಡು" ಎಂದರು. ಅವರು ಇಂಥದ್ದನ್ನು ಎಷ್ಟು ಸಲ ನೋಡಿದ್ದರೋ. ನುಣುಪು ಕಾಗದದಲ್ಲಿ, ನಾಲ್ಕು ಬಣ್ಣದಲ್ಲಿ, ಕಪ್ಪು ಹೆಬ್ಬೆರಳಿನ ಫೋಟೋ ಸಮೇತ ಕರಪತ್ರ ಅಚ್ಚಾಯಿತು. ಹಿಂಬದಿಯಲ್ಲಿ ನಮ್ಮ ಗುಂಪಿನವರ ಹೆಸರಿತ್ತು.

ಆಮೇಲೆ ನನಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅತ್ತೆಗೆ ಫೋನಿನಲ್ಲಿ ಹೇಳುತ್ತಲೇ ಇದ್ದೆ, ದಿನಾ ಅಂಗಾಲು ನೋಡ್ಕೊ, ಚೂರು ಏನಾದರೂ ಕಂಡರೆ ಓಡು ಎಂದು. ಹ್ಞೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ಶುಗರ್ ಮಾತ್ರೆ ತರಲು ಆಸ್ಪತ್ರೆಗೆ ಹೋದಾಗ ಅವಳ ಕೈಗೆ ನಮ್ಮ ಕರಪತ್ರ ಬಂತು. ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಕೂಡಿಸಿ ಓದುತ್ತಾಳೆ. ನನ್ನ ಹೆಸರು ಕಂಡು ಬೀದಿಗೆಲ್ಲ ತೋರಿಸಿದಳಂತೆ. ಬರಿಗಾಲಲ್ಲಿ ನಡೆಯಕೂಡದು ಎಂದಿದ್ದಕ್ಕೆ ಹೊಸ ಚಪ್ಪಲಿ ಕೊಂಡು, ಹೊಗೆಸೊಪ್ಪು ಪೋಣಿಸುವ ಕಡೆಗೂ ಹಾಕಿಕೊಂಡೇ ಹೋಗಿ, ಬೆಳಗಿನಿಂದ ಸಂಜೆ ತನಕ ಕಾಲಲ್ಲೇ ಇಟ್ಟುಕೊಂಡಳು. ಚಪ್ಪಲಿ ಕಚ್ಚಿ ಕಿರುಬೆರಳ ಪಕ್ಕ ಬೊಕ್ಕೆ ಎದ್ದಿತು. ಅವಳು ಅದನ್ನು ನೋಡಿದಳು ಕೂಡ. ನನ್ನನ್ನು ಈಗಲೂ ಸುಡುವ ಸಂಗತಿ ಅದೇ. ಅವಳು ದಿನಾ ನೋಡಿದಳು. ಒಂದು ಕೈಯಲ್ಲಿ ಕರಪತ್ರ ಹಿಡಿದು, ಫೋಟೋ ಒಮ್ಮೆ, ಕಾಲು ಒಮ್ಮೆ.

ನನಗೆ ಸುದ್ದಿ ಬಂದಾಗ ಅವಳನ್ನು ಮೈಸೂರಿಗೆ ತಂದಾಗಿತ್ತು. ಕೀವು ಮೂಳೆಗೆ ಇಳಿದು ಪಾದವೆಲ್ಲ ಕಪ್ಪಾಗಿತ್ತು, ಜ್ವರ ತಲೆಗೇರಿತ್ತು. ಮೊಣಕಾಲ ಕೆಳಗೆ ತೆಗೆಯದೆ ಜೀವ ಉಳಿಯುವುದಿಲ್ಲ ಎಂದರು. ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಬೇಡ ಎಂದು ಅವಳೇ ಸಹಿ ಹಾಕಿದಳು. "ಅರ್ಥ ಆಯ್ತಾ ಅಮ್ಮಾ?" ಎಂದು ಡಾಕ್ಟರು ಕೇಳಿದರು. "ಆಯ್ತು ಕಣಪ್ಪ" ಎಂದಳು.

ಕಾಲು ತೆಗೆದ ಮೇಲೆ ಅವಳಿಗೆ ಸ್ವಲ್ಪ ಕೂರುವಷ್ಟು ಶಕ್ತಿ ಬಂದಾಗ ಡ್ಯೂಟಿ ಮುಗಿಸಿ ನೋಡಲು ಹೋದೆ. ಪಕ್ಕದ ಹಾಸಿಗೆಯಲ್ಲಿ ಎಚ್.ಡಿ. ಕೋಟೆ ಕಡೆಯ ಹೆಂಗಸು, ಅವಳಿಗೂ ಶುಗರ್, ಅಂಗಾಲಿನಲ್ಲಿ ಗಾಯ. ಅತ್ತೆ ಅವಳಿಗೆ ನಮ್ಮ ಕರಪತ್ರ ಕೊಟ್ಟು ಪಾಠ ಮಾಡುತ್ತಿದ್ದಳು.

"ನಮ್ಮುಡ್ಗೀನೇ ಬರ್ದಿರದು ಕಣವ್ವ. ಸುಮ್‌ಸುಮ್ಕೆ ಗಾಬ್ರಿ ಬೀಳ್ಬ್ಯಾಡ. ಈ ಚಿತ್ರದಂಗೆ ಆದಾಗ ಡಾಕುಟ್ರತಾವ ಓಗ್ಬೇಕು. ನಾನು ಇಂಗಾದ ದಿನಾನೇ ಒಂಟ್ಬಂದೆ, ಒಂದಿನಾನೂ ತಡ ಮಾಡ್ನಿಲ್ಲ. ನನ್ನ ಅಣೆಬರ, ಕಾಲು ಉಳೀನಿಲ್ಲ."

ನಾನು ಆ ಕಾಗದವನ್ನು ಕಿತ್ತುಕೊಂಡೆ. ಬಾಯಿಗೆ ಬಂದ ಹಾಗೆ ಕೂಗಾಡಿದೆ, ವಾರ್ಡಿನವರೆಲ್ಲ ತಿರುಗಿ ನೋಡಿದರು. ಆ ಚಿತ್ರ ತಪ್ಪು ಅತ್ತೆ, ಬೊಕ್ಕೆ ಎದ್ದಾಗಲೇ ಬರಬೇಕಿತ್ತು, ಫೋನಿನಲ್ಲಿ ಬಡಕೊಂಡೆನಲ್ಲ ನಾನು ಎಂದೆ.

"ನೀನು ಬಾಯಲ್ಲಿ ಏಳಿದ್ದು ಅಕ್ಕರೇಗೆ ಅನ್ಕಂಡೆ. ಇದು ಅಚ್ಚಾಗಿತ್ತಲ್ಲ," ಎಂದಳು ಅತ್ತೆ. ಆಮೇಲೆ, ಬೈಯುವ ಧ್ವನಿಯಲ್ಲ, ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು.

"ತಪ್ಪು ಅಂತ ಗೊತ್ತಿತ್ತೇನಮ್ಮಿ ನಿಮ್ಗೆಲ್ಲಾ?"

ಗೊತ್ತಿತ್ತು ಅತ್ತೆ ಎಂದೆ. ಅವಳು ತಲೆ ಆಡಿಸಿದಳು, ಹೊದಿಕೆಯನ್ನು ಕಾಲಿಲ್ಲದ ಕಡೆಗೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದಳು.