ಹನ್ನೊಂದು ಅಡಿಯ ರಿಂಗು

ಯಲಹಂಕದ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬಕ್ಕೆ ಹಲಗೆ ಕೂರಿಸಿದವನು ನಾನೇ. ನೆಲದಿಂದ ಹತ್ತಡಿ ಎತ್ತರದಲ್ಲಿ ರಿಂಗು ಇರಬೇಕು. ನಾನು ಆ ಎತ್ತರಕ್ಕೆ ಹಲಗೆಯ ಕೆಳ ಅಂಚನ್ನು ತಂದಿದ್ದೆ. ಹಲಗೆಗೆ ಜೋಡಿಸಿದ್ದ ರಿಂಗು ಅದಕ್ಕಿಂತ ಒಂದಡಿ ಮೇಲೆ ಹೋಯಿತು. ತಪ್ಪು ತಿಳಿದ ಮೇಲೂ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ.

ಶಾಲೆಯ ತಂಡ ಸೇರಬೇಕೆಂದಿದ್ದ ನನ್ನ ತಮ್ಮ ತಿಂಗಳುಗಟ್ಟಲೆ ಬಲ ಹಾಕಿ ಎಸೆದರೂ ಚೆಂಡು ರಿಂಗಿನ ಅಂಚಿಗೆ ಬಡಿದು ವಾಪಸಾಗುತ್ತಿತ್ತು.

“ಮುದ್ದೆ ಸಾಲ್ದೇನೋ?” ಎಂದು ಮೇಷ್ಟ್ರು ಅಣಕಿಸುತ್ತಿದ್ದರು.

ಆಯ್ಕೆಯ ದಿನ ಬೆಳಿಗ್ಗೆ ಅವನು, “ನನ್ ಕೈಲಾಗಲ್ಲ ಕಣಣ್ಣ, ಬಿಟ್ಬಿಡ್ತೀನಿ” ಎಂದ.

“ತಪ್ಪು ನಂದು ಕಣೋ. ಏಣಿ ತಗೊಂಡ್ ಬಾ” ಎಂದೆ.

ಮೇಷ್ಟ್ರ ಮುಂದೆಯೂ ತಪ್ಪೊಪ್ಪಿಕೊಂಡೆ. ಹುಡುಗರು ಹಗ್ಗದಲ್ಲಿ ಹಲಗೆಯನ್ನು ಇಳಿಸಿದರು. ಕಂಬದ ಪಟ್ಟಿಯಲ್ಲಿ ಒಂದಡಿ ಕೆಳಗೆ ತೂತು ಕೊರೆದು, ಉದ್ದನೆಯ ಬೋಲ್ಟುಗಳಿಗೆ ವಾಷರ್ ಹಾಕಿ, ನಟ್ಟಿನ ಮೇಲೆ ನಟ್ಟು ಬಿಗಿದೆ.

ಹಳೇ ಎತ್ತರದ ರೂಢಿಯಲ್ಲೇ ಎಸೆದ ತಮ್ಮನ ಮೊದಲ ಚೆಂಡು ಹಲಗೆಯನ್ನೇ ದಾಟಿಹೋಯಿತು. ಆಮೇಲಿನವೆಲ್ಲ ಬಲೆಯೊಳಗೆ! ತಂಡಕ್ಕೆ ಮೇಷ್ಟ್ರು ಮೊದಲು ಕೂಗಿದ್ದು ಅವನ ಹೆಸರನ್ನೇ.

“ನಿನ್ನಿಂದ್ಲೇ ತೋಳು ಗಟ್ಟಿಯಾಯ್ತು ಕಣಣ್ಣ!” ಎಂದು ತಮ್ಮ ನಕ್ಕ. ನನಗೆ ನಾಚಿಕೆಯಾದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.