ಡ್ರಿಲ್ ಮೇಷ್ಟ್ರು ಬಗ್ಗಿದ್ದು

ಡ್ರಿಲ್ ಮೇಷ್ಟ್ರು ನಿಂತರೆ ನೆಟ್ಟ ಕಂಬ. ಕೂತರೂ ಬೆನ್ನು ಕುರ್ಚಿಗೆ ತಾಗದು. ಹೆಂಡತಿಯ ಅಣ್ಣ ಒಮ್ಮೆ ನೆಂಟರೆಲ್ಲರ ಎದುರು, "ಇವರದ್ದೇನು, ಪೀಪಿ ಊದೋ ಕೆಲಸ" ಎಂದು ನಕ್ಕಿದ್ದ. ಅಂದಿನಿಂದ ಮಾತುಕತೆ ಬಂದ್. "ಬೇಕಾದ್ರೆ ಅವನು ಬರಲಿ, ನಾನಂತೂ ಬಗ್ಗೋನಲ್ಲ" ಎಂದು ಮೇಷ್ಟ್ರು ಪಟ್ಟು ಹಿಡಿದರು. ನಡುವೆ ಸಿಕ್ಕಿಬಿದ್ದ ಹೆಂಡತಿ ಅಣ್ಣನಿಗೆ ಕದ್ದು ಫೋನು ಮಾಡಿ, ಕಣ್ಣೊರೆಸಿಕೊಂಡು ವರ್ಷಗಳನ್ನು ತಳ್ಳಿದಳು. ಪಾಪ, ಅವಳನ್ನು ಕೇಳಿದವರು ಯಾರು!

ಒಂದು ಸಲ ನೆಗಡಿ ಜ್ವರ ಬಂದು ಹೋದ ಮೇಲೆ ಮೇಷ್ಟ್ರಿಗೆ ಎದೆಯಲ್ಲಿ ಚೂರಿ ಇರಿದಂಥ ನೋವು ಶುರುವಾಯಿತು. ಉಸಿರೆಳೆದರೆ ಜಾಸ್ತಿ, ಮಲಗಿದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಇಸಿಜಿ, ರಕ್ತ ಪರೀಕ್ಷೆ, ಎಕೋ ಎಲ್ಲ ನೋಡಿ, "ಮುಂದಕ್ಕೆ ಬಗ್ಗಿ ಸರ್" ಅಂದರು.

"ಬಗ್ಗೋದಾ? ನಾನಾ?"

"ನೀವೇ."

ಮೇಷ್ಟ್ರು ಹಲ್ಲು ಕಚ್ಚಿ, ಆಸ್ಪತ್ರೆ ಮಂಚದ ಮೇಲೆ ಕೂತಲ್ಲೇ ಮುಂದಿದ್ದ ಮೇಜಿನ ಮೇಲೆ ಬಗ್ಗಿದರು. ನೋವು ಅರ್ಧಕ್ಕರ್ಧ ಇಳಿಯಿತು! ಉಸಿರು ಬಿಟ್ಟು ಹಿಡಿದುಕೊಳ್ಳಲು ಹೇಳಿ, ಡಾಕ್ಟರಮ್ಮ ಎದೆಮೂಳೆಯ ಎಡಕ್ಕೆ ಸ್ಟೆತಾಸ್ಕೋಪ್ ಒತ್ತಿದರು.

"ಹೊಸ ಚಪ್ಪಲಿ ಕಿರುಗುಟ್ಟಿದ ಹಾಗೆ ಕೇಳ್ತಿದೆ. ಹೃದಯದ ಸುತ್ತ ಎರಡು ಪದರದ ಚೀಲ ಇದೆ ಸರ್. ಅದಕ್ಕೆ ಉರಿಯೂತ ಆಗಿ ಪದರಗಳು ಒಂದಕ್ಕೊಂದು ಉಜ್ಜುತ್ತಿವೆ. ಪೆರಿಕಾರ್ಡೈಟಿಸ್ ಅಂತೀವಿ. ಹಾರ್ಟ್ ಅಟ್ಯಾಕ್ ಅಲ್ಲ. ನೋವಿಗೆ ಐಬುಪ್ರೊಫೇನ್, ಜೊತೆಗೆ ಕೊಲ್ಚಿಸಿನ್."

"ನೋವು ಹೋದ್ಮೇಲೆ ಬಿಡ್ಬಹುದಲ್ಲ?"

"ಬಿಡಬಾರದು. ಕೊಲ್ಚಿಸಿನ್ ಮೂರು ತಿಂಗಳು. ನಡುವೆ ಬಿಟ್ಟರೆ ನೋವು ಮತ್ತೆ ಬರೋ ಸಂಭವ ಜಾಸ್ತಿ. ಭೇದಿ ಆದರೆ ನಂಗೆ ಹೇಳಿ, ಕೇಳದೆ ಬೇರೆ ಮಾತ್ರೆ ನುಂಗಬೇಡಿ. ನಾನು ಹೇಳೋವರೆಗೆ ಓಟ, ಡ್ರಿಲ್ ಇಲ್ಲ."

ಅಷ್ಟರಲ್ಲಿ ತಂಗಿ ಮಾಡಿದ ಫೋನಿಗೆ ಓಡಿಬಂದ ಹೆಂಡತಿಯ ಅಣ್ಣ, ಅದೇ ಪೀಪಿ ಮಾತಿನ ಭಾವ, ಬಾಗಿಲಲ್ಲಿ ನಿಂತ. ತನ್ನ ಕಡೆಗೇ ತಲೆ ಬಗ್ಗಿಸಿ ಕೂತ ಮೇಷ್ಟ್ರನ್ನು ಕಂಡು ಕಂಗಾಲಾದ.

"ಅಯ್ಯೋ ಭಾವಾ, ಇಷ್ಟೊಂದು ಬಗ್ಗಬೇಕಾ? ಏಳಿ, ತಪ್ಪು ನಂದು!"

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. 'ನಾನ್ಯಾಕಯ್ಯ ಬಗ್ಗಲಿ' ಎನ್ನಲು ಸೆಟೆದು ಹಿಂದಕ್ಕೆ ಒರಗಿದರು. ಎದೆ ಚುರುಕ್ಕೆಂದಿತು. ಮತ್ತೆ ಮೊದಲಿಗಿಂತ ಕೆಳಕ್ಕೆ ಬಗ್ಗಿದರು.

"ಇನ್ನೂ ಬಗ್ತಾರಲ್ಲ ಪುಣ್ಯಾತ್ಮ!" ಎಂದು ಭಾವ ಗೊಳೋ ಎಂದು ಅತ್ತ. ನಿಜ ಹೇಳಲು ಡಾಕ್ಟರಮ್ಮ ಬಾಯಿ ತೆರೆದರು; ಹೆಂಡತಿ ಕೈಮುಗಿದು ಬಾಯಿ ಮುಚ್ಚಿಸಿದಳು.

ಕೆಲವು ದಿನಗಳಲ್ಲಿ ನೋವು ಹೋಯಿತು. ಮನೆಯಲ್ಲಿ ಮೇಷ್ಟ್ರು ಮತ್ತೆ ಕಂಬವಾಗಿ ಕೂತಿದ್ದಾಗ ಭಾವ ಬಂದ. ಆ ಬೆನ್ನು ನೋಡಿದ್ದೇ ಹೊಸ್ತಿಲಲ್ಲೇ ತಡವರಿಸಿದ. ಅಡುಗೆಮನೆಯಿಂದ ಹೆಂಡತಿ ಇಣುಕಿದಳು. ನಡೆದದ್ದನ್ನು ಬಿಡಿಸಿ ಹೇಳಿ ಮಾನ ಉಳಿಸಿಕೊಳ್ಳಲು ಇದೇ ಸಮಯ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಮುಂದಕ್ಕೆ ಬಗ್ಗಿದರು.

"ಬನ್ನಿ ಭಾವ, ಕೂತ್ಕೊಳ್ಳಿ."

ಹೆಂಡತಿ ಗಾಬರಿಯಿಂದ ಓಡಿಬಂದು ಕಿವಿಯಲ್ಲಿ ಕೇಳಿದಳು, "ಮತ್ತೆ ನೋವು ಬಂತೇನ್ರೀ? ಮಾತ್ರೆ ತಗೊಂಡಿಲ್ವಾ?"

"ತಗೊಂಡಿದ್ದೀನಿ ಕಣೆ," ಅಂದರು ಮೇಷ್ಟ್ರು ಮೆಲ್ಲಗೆ. "ನೋವೇನೂ ಇಲ್ಲ."